ನಾಲ್ಕು ರಾತ್ರಿಯ ಮನೆ, ಒಂದು ರಾತ್ರಿಯ ಗೆಳೆಯರು: ನಾನು ಬಾಡಿಗೆ ಹಂಚುವ ರೀತಿ

ಗೆಳೆಯರ ಗುಂಪಿಗೆ ರಜೆಯ ಮನೆ ಹಿಡಿಯುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಎಲ್ಲರೂ ಒಂದೇ ದಿನ ಬಂದು ಒಂದೇ ದಿನ ಹೊರಡುವುದು ಅಪರೂಪ. ಕಳೆದ ಸಲ ಆರು ಜನ, ನಾಲ್ಕು ರಾತ್ರಿ. ಲೆಕ್ಕ ಸುಲಭವಾಗಲಿ ಅಂತ ಬಾಡಿಗೆಯನ್ನು 2,400 ಎಂದು ಇಟ್ಟುಕೊಳ್ಳಿ, ರಾತ್ರಿಗೆ 600. ಇಬ್ಬರು ನಾಲ್ಕೂ ರಾತ್ರಿ ಇದ್ದರು. ಇನ್ನಿಬ್ಬರು ಎರಡನೇ ರಾತ್ರಿಯಿಂದ ಕೊನೆಯವರೆಗೆ ಇದ್ದರು. ಉಳಿದಿಬ್ಬರು ಮೂರನೇ ರಾತ್ರಿ ಮಾತ್ರ ಬಂದುಹೋದರು.

ಆರು ಜನಕ್ಕೂ ಸಮ ಹಂಚಿದರೆ ತಲೆಗೆ 400. ಒಂದೇ ರಾತ್ರಿ ಮಲಗಿದವರಿಗೆ ಇದು ಅನ್ಯಾಯ, ಅಲ್ವಾ? ಹಾಗಾಗಿ ಆಯಾ ರಾತ್ರಿಯ ಬಾಡಿಗೆಯನ್ನು ಅವತ್ತು ಇದ್ದವರೇ ಹಂಚಿಕೊಳ್ಳಲಿ ಎಂದು ಒಬ್ಬ ಗೆಳತಿ ಹೇಳಿದಳು. ಹಾಗೆ ಮಾಡಿದರೆ ಪೂರ್ತಿ ಇದ್ದವರಿಗೆ ತಲಾ 700, ಮೂರು ರಾತ್ರಿಯವರಿಗೆ 400, ಒಂದು ರಾತ್ರಿಯವರಿಗೆ ಬರೀ 100. ಕೇಳಲು ಸರಿ ಅನಿಸುತ್ತದೆ. ಆದರೆ ಮೊದಲ ರಾತ್ರಿ ಅಷ್ಟು ದೊಡ್ಡ ಮನೆಯಲ್ಲಿ ಇಬ್ಬರೇ ಇದ್ದು ತಲಾ 300 ಕೊಡಬೇಕಾಗುತ್ತದೆ. ಇಬ್ಬರಿಗೇ ಆಗಿದ್ದರೆ ಅವರು ಆ ಮನೆ ಹಿಡಿಯುತ್ತಲೇ ಇರಲಿಲ್ಲ. ಮನೆ ದೊಡ್ಡದಾಗಿದ್ದು ಮೂರನೇ ರಾತ್ರಿ ಆರು ಜನ ಹಿಡಿಸಲಿ ಅಂತ.

ಅದಕ್ಕೆ ನಾನು ಒಬ್ಬರು ತಂಗುವ ಒಂದು ರಾತ್ರಿಯನ್ನು ಒಂದು ಪಾಲು ಎಂದು ಎಣಿಸುತ್ತೇನೆ. ಇಲ್ಲಿ ಎಂಟು, ಆರು, ಎರಡು, ಒಟ್ಟು 16 ಪಾಲು. ಪಾಲಿಗೆ 150. ಪೂರ್ತಿ ಇದ್ದವರಿಗೆ 600, ಮೂರು ರಾತ್ರಿಗೆ 450, ಒಂದು ರಾತ್ರಿಗೆ 150. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಇದಕ್ಕೂ ಒಂದು ಮಿತಿ ಇದೆ. ಮೊದಲ ರಾತ್ರಿ ಸೇರಿದ್ದು ಯಾಕೆ ಅಂತ ನಾನು ಮೊದಲೇ ಕೇಳಿಕೊಳ್ಳುತ್ತೇನೆ. ನಾಲ್ಕು ರಾತ್ರಿಗಿಂತ ಕಡಿಮೆಗೆ ಮನೆ ಕೊಡುವುದಿಲ್ಲ ಎಂದು ಮಾಲೀಕರು ಹೇಳಿದ್ದರೆ ಅದು ಎಲ್ಲರ ಖರ್ಚು. ಇಬ್ಬರು ತಮ್ಮ ಇಷ್ಟಕ್ಕೆ ಒಂದು ದಿನ ಮುಂಚೆ ಬರುತ್ತೇವೆ ಅಂದಿದ್ದರೆ, ಆ ಒಂದು ರಾತ್ರಿ ಅವರಿಬ್ಬರದೇ. ಉಳಿದ ಮೂರು ರಾತ್ರಿಯನ್ನಷ್ಟೇ ಪಾಲು ಹಾಕುತ್ತೇನೆ.

ಸ್ವಚ್ಛತೆಯ ಶುಲ್ಕವನ್ನು ಮಾತ್ರ ಈ ಪಾಲಿಗೆ ಸೇರಿಸುವುದಿಲ್ಲ. ಒಂದು ರಾತ್ರಿ ಮಲಗಿದವರ ಹಾಸಿಗೆ ಬಟ್ಟೆಯನ್ನೂ ಒಗೆಯಬೇಕು. ಅದು ತಲೆಗೆ ಸಮ.

ಜಗಳ ಹುಟ್ಟುವುದು ಹೆಚ್ಚಾಗಿ ಕೊನೇ ಗಳಿಗೆಯಲ್ಲಿ ಯಾರಾದರೂ ಬರಲ್ಲ ಅಂದಾಗ. ಒಂದು ರಾತ್ರಿಯವರಲ್ಲಿ ಒಬ್ಬರು ತಪ್ಪಿಸಿಕೊಂಡರೂ 15 ಪಾಲಾಗಿ, ಪಾಲಿಗೆ 160 ಆಗುತ್ತದೆ. ಪೂರ್ತಿ ಇದ್ದವರ ಮೇಲೆ ಸುಮ್ನೆ 40 ಜಾಸ್ತಿ ಬೀಳುತ್ತದೆ. ಹಾಗಾಗಿ ನಾನು ಎಣಿಸುವುದು ಒಪ್ಪಿಕೊಂಡ ರಾತ್ರಿಗಳನ್ನು, ನಿಜವಾಗಿ ಮಲಗಿದ ರಾತ್ರಿಗಳನ್ನಲ್ಲ. ಹಣ ವಾಪಸ್ ಸಿಗುವ ಕೊನೆಯ ದಿನದ ಹಿಂದಿನ ದಿನ ಎಲ್ಲರಿಗೂ ಪಟ್ಟಿ ಕಳಿಸುತ್ತೇನೆ: ಹೆಸರು, ರಾತ್ರಿಗಳು, ಮೊತ್ತ. ಬದಲಾವಣೆ ಇದ್ದರೆ ಅವತ್ತೇ ಹೇಳಬೇಕು. ಆಮೇಲೆ ಬರಲಾಗದವರು ತಮ್ಮ ಜಾಗಕ್ಕೆ ಬೇರೆಯವರನ್ನು ಕಳಿಸಬಹುದು, ಪಾಲು ಮಾತ್ರ ಅವರ ಹೆಸರಿನಲ್ಲೇ ಇರುತ್ತದೆ.