ಒಂದೇ ಚೀಟಿ, ಎರಡು ಲೆಕ್ಕ: ಡಿಸ್ಕೌಂಟ್ ಮತ್ತು ಡಿವಿಡೆಂಡ್ ಬರೆಯುವುದು ಹೇಗೆ

ಚೀಟಿಯ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ತಿಂಗಳ ಕಂತು 5,000 ರೂಪಾಯಿ ಇದ್ದು, ಸದಸ್ಯರು 4,000 ರೂಪಾಯಿ ಮಾತ್ರ ಕಟ್ಟಿದಾಗ, ಪುಸ್ತಕದಲ್ಲಿಯೂ 4,000 ಎಂದೇ ಬರೆದು ಮುಗಿಸಿಬಿಡುತ್ತಾರೆ. ಹಾಗೆ ಬರೆದಾಗ ಉಳಿದ 1,000 ರೂಪಾಯಿ ಎಲ್ಲಿಂದ ಬಂತು, ಅದು ಯಾರು ಬಿಟ್ಟುಕೊಟ್ಟ ಹಣ ಎಂಬುದು ಮರೆಯಾಗುತ್ತದೆ. ಆದ್ದರಿಂದ ಚೀಟಿ ನಡೆಸುವ ಫೋರ್‌ಮನ್ ಆಗಲಿ ಸದಸ್ಯರಾಗಲಿ ಕಂತನ್ನು ಪೂರ್ಣ ಮೊತ್ತಕ್ಕೆ ಬರೆದು, ಆ 1,000 ರೂಪಾಯಿಯನ್ನು, ಅಂದರೆ ಡಿವಿಡೆಂಡನ್ನು, ಬೇರೆ ಸಾಲಿನಲ್ಲಿ ತೋರಿಸಬೇಕು.

ಉದಾಹರಣೆಗೆ 20 ಸದಸ್ಯರ, 20 ತಿಂಗಳ, 1,00,000 ರೂಪಾಯಿಯ ಚೀಟಿಯೊಂದನ್ನು ತೆಗೆದುಕೊಳ್ಳೋಣ. ಕಂತು 5,000 ರೂಪಾಯಿ. ಫೋರ್‌ಮನ್ ಕಮಿಷನ್ ಶೇ 5. (1982ರ ಚಿಟ್ ಫಂಡ್ಸ್ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಈ ಕಮಿಷನ್ನಿನ ಮಿತಿಯನ್ನು ಶೇ 5ರಿಂದ ಶೇ 7ಕ್ಕೆ ಏರಿಸಿದೆ, ಎಷ್ಟು ಎಂಬುದು ಚೀಟಿ ಒಪ್ಪಂದದಲ್ಲಿರುತ್ತದೆ.) ಫೋರ್‌ಮನ್ ಕೂಡ ಒಂದು ಟಿಕೆಟಿನ ಸದಸ್ಯ, ಒಪ್ಪಂದದ ಪ್ರಕಾರ ಮೊದಲ ತಿಂಗಳ ಪೂರ್ಣ ಮೊತ್ತ ಡಿಸ್ಕೌಂಟ್ ಇಲ್ಲದೆ ಅವರಿಗೆ ಹೋಗುತ್ತದೆ, ಆ ತಿಂಗಳು ಕಮಿಷನ್ ಇಲ್ಲ. ಕಮಿಷನ್ನಿನ ಮೇಲಿನ ಜಿಎಸ್‌ಟಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ; ಅದು ವಸೂಲಾದರೆ ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಯೇ ಹೊರತು ಫೋರ್‌ಮನ್‌ನ ಆದಾಯವಲ್ಲ.

ಐದನೆಯ ತಿಂಗಳ ಹರಾಜಿನಲ್ಲಿ ಸದಸ್ಯೆಯೊಬ್ಬರು 25,000 ರೂಪಾಯಿ ಬಿಟ್ಟುಕೊಡುವುದಾಗಿ ಕೂಗಿ ಚೀಟಿ ಎತ್ತಿದರು ಎನ್ನೋಣ. ಆ 25,000 ರೂಪಾಯಿಯೇ ಡಿಸ್ಕೌಂಟ್. ಇದರಲ್ಲಿ 5,000 ರೂಪಾಯಿ ಕಮಿಷನ್ನಿಗೆ ಹೋಗಿ, ಮಿಕ್ಕ 20,000 ರೂಪಾಯಿ ಇಪ್ಪತ್ತು ಪಾಲಾಗಿ, ಚೀಟಿ ಎತ್ತಿದವರೂ ಸೇರಿದಂತೆ ತಲಾ 1,000 ರೂಪಾಯಿ ಡಿವಿಡೆಂಡ್ ಬರುತ್ತದೆ. ನಮ್ಮ ಚೀಟಿಯಲ್ಲಿ ಅದನ್ನು ಅದೇ ತಿಂಗಳ ಕಂತಿಗೆ ವಜಾ ಮಾಡುತ್ತಾರೆ. ಮುಂದಿನ ಕಂತಿಗೆ ವಜಾ ಮಾಡುವ ಚೀಟಿಗಳೂ ಉಂಟು. 2019ರ ತಿದ್ದುಪಡಿಯ ನಂತರ ಕಾನೂನಿನ ಭಾಷೆಯಲ್ಲಿ ಇದರ ಹೆಸರು ಡಿವಿಡೆಂಡ್ ಅಲ್ಲ, ‘ಶೇರ್ ಆಫ್ ಡಿಸ್ಕೌಂಟ್’. ಲೆಕ್ಕ ಬರೆಯುವವರಿಗೆ ಈ ಹೊಸ ಹೆಸರೇ ಹೆಚ್ಚು ಉಪಯುಕ್ತ, ಏಕೆಂದರೆ ಇದು ಕಂಪನಿಯ ಲಾಭಾಂಶವಲ್ಲ, ಇನ್ನೊಬ್ಬ ಸದಸ್ಯರು ಬಿಟ್ಟ ಹಣದ ಪಾಲು.

ಫೋರ್‌ಮನ್‌ನ ಪುಸ್ತಕ

ಮೊದಲು ಕಂತು ಬಾಕಿ ಬಂದ ದಿನ ಸದಸ್ಯರ ಖಾತೆಗಳಿಗೆ ತಲಾ 5,000ದಂತೆ ಒಟ್ಟು 1,00,000 ರೂಪಾಯಿ ಡೆಬಿಟ್ ಮಾಡಿ, ಅಷ್ಟನ್ನೂ ಚೀಟಿ ಗುಂಪಿನ ಖಾತೆಗೆ ಕ್ರೆಡಿಟ್ ಮಾಡಬೇಕು. ಹರಾಜು ಮುಗಿದ ಮೇಲೆ ಗುಂಪಿನ ಖಾತೆಯನ್ನು 1,00,000ಕ್ಕೆ ಡೆಬಿಟ್ ಮಾಡಿ ಮೂರು ಕಡೆ ಹಂಚಬೇಕು: ಚೀಟಿ ಎತ್ತಿದವರಿಗೆ ಕೊಡಬೇಕಾದದ್ದು 75,000, ಕಮಿಷನ್ 5,000, ಹಂಚಬೇಕಾದ ಡಿವಿಡೆಂಡ್ 20,000. ನಂತರ ಡಿವಿಡೆಂಡ್ ಖಾತೆಯನ್ನು ಡೆಬಿಟ್ ಮಾಡಿ, ಪ್ರತಿ ಸದಸ್ಯರ ಖಾತೆಗೆ 1,000 ಕ್ರೆಡಿಟ್ ಕೊಟ್ಟರೆ, ಅವರ ಬಾಕಿ 4,000ಕ್ಕೆ ಇಳಿಯುತ್ತದೆ.

ಎಲ್ಲರೂ ಕಟ್ಟಿದರೆ ಬರುವ ನಗದು 80,000. ಅದರಲ್ಲಿ 75,000 ಚೀಟಿ ಎತ್ತಿದವರಿಗೆ ಹೋದರೆ ಉಳಿಯುವುದು 5,000, ಅಂದರೆ ಸರಿಯಾಗಿ ಕಮಿಷನ್ನಿನಷ್ಟು. ಪ್ರತಿ ತಿಂಗಳೂ ಮಾಡಬೇಕಾದ ತಾಳೆ ಇದೇ. ಒಬ್ಬ ಸದಸ್ಯ ಕಂತು ಕಟ್ಟದಿದ್ದರೆ ನಗದು 76,000 ಆಗುತ್ತದೆ, ಆದರೆ ಕೊಡಬೇಕಾದ 75,000 ಕಡಿಮೆಯಾಗುವುದಿಲ್ಲ. ಉಳಿಯುವುದು 1,000 ಮಾತ್ರ. ಕಮಿಷನ್ ಖಾತೆಯಲ್ಲಿ 5,000 ಆದಾಯ ಕಾಣಿಸುತ್ತಿದ್ದರೂ ಅದರ 4,000 ರೂಪಾಯಿ ಆ ಸದಸ್ಯನ ಬಾಕಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಕಂತು ತಪ್ಪಿಸಿದವರಿಗೆ ಡಿವಿಡೆಂಡ್ ಇಲ್ಲ ಎಂದು ಒಪ್ಪಂದ ಹೇಳುತ್ತಿದ್ದರೆ, ಅವರ ಖಾತೆಗೆ 1,000 ಕ್ರೆಡಿಟ್ ಕೊಡದೆ 5,000 ಬಾಕಿಯನ್ನು ಹಾಗೆಯೇ ಉಳಿಸಬೇಕು. ಅವಸರದಲ್ಲಿ ಇಪ್ಪತ್ತೂ ಖಾತೆಗಳಿಗೆ ಒಂದೇ ಏಟಿಗೆ ಡಿವಿಡೆಂಡ್ ಹಾಕಿಬಿಡುವುದು ನಾನು ಹೆಚ್ಚಾಗಿ ಕಂಡ ತಪ್ಪು.

ಇನ್ನೂ ಗಂಭೀರವಾದ ತಪ್ಪು ಬೇರೆ ಇದೆ. ಚೀಟಿ ಎತ್ತಿದವರು ಜಾಮೀನು ಕೊಡುವವರೆಗೆ 75,000 ರೂಪಾಯಿ ಫೋರ್‌ಮನ್ ಬಳಿ ಉಳಿಯಬಹುದು. ಕಾಯ್ದೆಯ ಪ್ರಕಾರ ಅದನ್ನು ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಬೇರೆ ಸದಸ್ಯರು ತಪ್ಪಿಸಿದ ಕಂತನ್ನು ಈ ಹಣದಿಂದ ತುಂಬಿದರೆ ದಿನವಹಿಯಲ್ಲಿ ಏನೂ ಏರುಪೇರು ಕಾಣುವುದಿಲ್ಲ. ಕೊಡಬೇಕಾದ ಚೀಟಿ ಮೊತ್ತದ ಖಾತೆಯ ಶಿಲ್ಕನ್ನು ಪ್ರತ್ಯೇಕ ಬ್ಯಾಂಕ್ ಖಾತೆಯ ಶಿಲ್ಕಿನ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಕೊರತೆ ಹೊರಬೀಳುತ್ತದೆ.

ಸದಸ್ಯರ ಪುಸ್ತಕ

ಚೀಟಿ ಎತ್ತುವವರೆಗೆ ಕಟ್ಟಿದ ಕಂತು ಸದಸ್ಯರ ಆಸ್ತಿ. ಎತ್ತಿದ ಮೇಲೆ ಉಳಿದ ಕಂತುಗಳು ಸಾಲ. ಈ ತಿರುವನ್ನು ಒಂದೇ ‘ಚೀಟಿ ಖಾತೆ’ ತೋರಿಸಬಲ್ಲದು.

ನಮ್ಮ ಸದಸ್ಯೆ ಮೊದಲ ತಿಂಗಳು 5,000 ಕಟ್ಟಿದರು. ಮುಂದಿನ ಮೂರು ತಿಂಗಳು ಡಿಸ್ಕೌಂಟ್ 30,000 ಆಗಿದ್ದರಿಂದ ಡಿವಿಡೆಂಡ್ 1,250 ಬಂದು, 3,750ರಂತೆ ಕಟ್ಟಿದರು. ಐದನೆಯ ತಿಂಗಳು 4,000. ಕೈಯಿಂದ ಹೋದದ್ದು 20,250, ಡಿವಿಡೆಂಡ್ 4,750. ಚೀಟಿ ಖಾತೆಯಲ್ಲಿ ಡೆಬಿಟ್ 25,000. ಚೀಟಿಯ ಹಣ ಬಂದಾಗ ಬ್ಯಾಂಕ್ ಖಾತೆಯನ್ನು 75,000ಕ್ಕೂ ಡಿಸ್ಕೌಂಟ್ ಖಾತೆಯನ್ನು 25,000ಕ್ಕೂ ಡೆಬಿಟ್ ಮಾಡಿ, ಚೀಟಿ ಖಾತೆಗೆ 1,00,000 ಕ್ರೆಡಿಟ್ ಕೊಡಬೇಕು. ಈಗ ಚೀಟಿ ಖಾತೆಯಲ್ಲಿ 75,000 ಕ್ರೆಡಿಟ್ ಉಳಿಯುತ್ತದೆ, ಅಂದರೆ ಇನ್ನೂ ಕಟ್ಟಬೇಕಾದ 15 ಕಂತುಗಳು. ಇಲ್ಲಿ ಬೇರೆ ಅಂಕಿ ಬಂದರೆ ಹಿಂದಿನ ಯಾವುದೋ ತಿಂಗಳ ಡಿವಿಡೆಂಡ್ ಬಿಟ್ಟುಹೋಗಿದೆ ಎಂದು ತಿಳಿಯಬೇಕು.

ಉಳಿದ 15 ತಿಂಗಳಲ್ಲಿ ಡಿವಿಡೆಂಡ್ ಒಟ್ಟು 7,500 ಬಂದಿತು ಎನ್ನೋಣ. ಪೂರ್ತಿ ಚೀಟಿಯ ಡಿವಿಡೆಂಡ್ 12,250 ಆಯಿತು. ಆದ್ದರಿಂದ ಆಕೆಗೆ ಬಿದ್ದ ನಿಜವಾದ ವೆಚ್ಚ 25,000 ಅಲ್ಲ, 12,750. ನಗದಿನಿಂದ ನೋಡಿದರೂ ಉತ್ತರ ಅದೇ: ಕಟ್ಟಿದ್ದು 87,750, ಪಡೆದದ್ದು 75,000. ಡಿವಿಡೆಂಡನ್ನು ಆದಾಯವೆಂದು, ಡಿಸ್ಕೌಂಟನ್ನು ಯಾವುದೋ ಹಳೆಯ ನಷ್ಟವೆಂದು ಬೇರೆ ಬೇರೆ ಕಡೆ ಇಟ್ಟರೆ ಈ ಅಂಕಿ ಎಂದೂ ಸಿಗುವುದಿಲ್ಲ. ಮನೆಯ ಲೆಕ್ಕಕ್ಕೆ ಇಷ್ಟು ಸಾಕು. ಚೀಟಿಯ ಹಣವನ್ನು ವ್ಯಾಪಾರಕ್ಕೆ ಹಾಕಿದವರು ಡಿಸ್ಕೌಂಟನ್ನು ಒಂದೇ ತಿಂಗಳಿಗೆ ಹೊರಿಸದೆ ಉಳಿದ 15 ತಿಂಗಳಿಗೆ ಹಂಚುವುದು ಲೇಸು, ಇಲ್ಲವಾದರೆ ಮಾರ್ಚ್ 31 ನಡುವೆ ಬಂದಾಗ ಒಂದು ವರ್ಷದ ಲಾಭ ಸುಮ್ಮನೆ ಕುಗ್ಗಿ ಕಾಣುತ್ತದೆ.

ಕೊನೆಯ ತಿಂಗಳು ಚೀಟಿ ಎತ್ತುವವರ ಲೆಕ್ಕವೂ ಇದೇ ದಾರಿಯಲ್ಲಿ ಸಾಗುತ್ತದೆ. ಆಗ ಪೈಪೋಟಿ ಇರುವುದಿಲ್ಲ, ಡಿಸ್ಕೌಂಟ್ ಎಂದರೆ ಕಮಿಷನ್ನಿನ 5,000 ಮಾತ್ರ. ಅವರೂ 87,750 ಕಟ್ಟಿ, 95,000 ಪಡೆದು, 7,250 ಲಾಭ ಮಾಡುತ್ತಾರೆ. ಇನ್ನು ಫೋರ್‌ಮನ್‌ನ ಸ್ವಂತ ಟಿಕೆಟ್: 87,750 ಕಟ್ಟಿ 1,00,000 ಪಡೆದದ್ದರಿಂದ 12,250 ಲಾಭ. ಇದು 19 ತಿಂಗಳ 95,000 ಕಮಿಷನ್ನಿನಿಂದ ಬೇರೆಯದು. ಸದಸ್ಯನಾಗಿ ಗಳಿಸಿದ್ದನ್ನು ಕಮಿಷನ್ ಖಾತೆಗೆ ಸೇರಿಸಿದರೆ, ಆ ಖಾತೆಯ ಮೊತ್ತ 5,000ವನ್ನು ಹರಾಜಿನ ತಿಂಗಳುಗಳಿಂದ ಗುಣಿಸಿದಷ್ಟಕ್ಕೆ ತಾಳೆಯಾಗದು.