ಲೆವೆಲ್ ಸರಿಯಿದ್ರೂ ಫೀಡ್ ಪಂಪ್ ಜಾಮ್ ಆಗಿದ್ದು ಯಾಕೆ

ಟರ್ಬೈನ್ ಟ್ರಿಪ್ ಆಗಿ ಒಂದು ನಿಮಿಷ ಆಗಿತ್ತಷ್ಟೆ, ಬಾಯ್ಲರ್‌ಗೆ ನೀರು ತಳ್ಳೋ ಫೀಡ್ ಪಂಪ್ ಒಳಗೆ ಜಲ್ಲಿಕಲ್ಲು ಹಾಕಿ ತಿರುಗಿಸ್ದಂಗೆ ಸದ್ದು ಶುರುವಾಯ್ತು. ಮೋಟರ್ ಆಂಪ್ಸ್ ಒಂದೇ ಸಮನೆ ಮೇಲೆ ಕೆಳಗೆ ಆಡ್ತು, ಡಿಸ್ಚಾರ್ಜ್ ಪ್ರೆಶರ್ ಬಿತ್ತು, ಪಂಪ್ ನಿಂತೋಯ್ತು. ಕಪ್ಲಿಂಗ್ ಹಿಡಿದು ಕೈಯಲ್ಲಿ ತಿರುಗಿಸಿದ್ರೆ ಶಾಫ್ಟ್ ಅಲುಗಾಡ್ಲಿಲ್ಲ. ಪಂಪ್‌ಗೆ ಮೇಲಿಂದ ಬಿಸಿ ನೀರು ಕೊಡೋ ಡಿಯೇರೇಟರ್ ಟ್ಯಾಂಕ್‌ನ ಲೆವೆಲ್ ನಾರ್ಮಲ್, ಸ್ಟ್ರೈನರ್ ಬಿಚ್ಚಿ ನೋಡಿದ್ವಿ, ಅದೂ ಕ್ಲೀನ್.

ಪಂಪ್ ಬಿಚ್ಚಿದ್ಮೇಲೆ ಸುಳಿವು ಸಿಕ್ತು. ಬ್ಯಾಲೆನ್ಸ್ ಡಿಸ್ಕ್ ಮುಖ ಕಾದು ನೀಲಿಗಟ್ಟಿತ್ತು, ವೇರ್ ರಿಂಗ್ ಉಜ್ಜಿ ಕಚ್ಕೊಂಡಿತ್ತು, ಆದ್ರೆ ಮೊದಲ ಸ್ಟೇಜ್ ಇಂಪೆಲ್ಲರ್‌ನ ವೇನ್ ಬಾಯಲ್ಲಿ ಹಳೇ ಕ್ಯಾವಿಟೇಶನ್ ಗುಳಿ ಒಂದೂ ಇರ್ಲಿಲ್ಲ. ಅಂದ್ರೆ ಇದು ತಿಂಗಳುಗಟ್ಟಲೆ ಸವೆದಿದ್ದಲ್ಲ, ಒಂದೇ ಸಲ ಪಂಪ್‌ಗೆ ನೀರಿನ ಬದಲು ಆವಿ ಹೋಗಿದೆ. ಡಿಸ್ಕ್‌ಗೂ ಅದರ ಸೀಟ್‌ಗೂ ಮಧ್ಯದ ಸಣ್ಣ ಗ್ಯಾಪ್‌ನಲ್ಲಿ ರೋಟರ್‌ನ ತಳ್ಳಿ ಹಿಡ್ಕೊಂಡಿರೋದು ನೀರಿನ ಪ್ರೆಶರ್ರೇ, ಅದು ಆವಿಯಾದ್ರೆ ಥ್ರಸ್ಟ್ ಬ್ಯಾಲೆನ್ಸ್ ತಪ್ಪಿ ಲೋಹಕ್ಕೆ ಲೋಹ ತಾಗುತ್ತೆ.

ಟ್ರೆಂಡ್ ತೆಗೆದಾಗ ಎಲ್ಲ ಅರ್ಥ ಆಯ್ತು. ಡಿಯೇರೇಟರ್ ನೀರು ಯಾವಾಗ್ಲೂ ಕುದಿಯೋ ಅಂಚಲ್ಲೇ ಇರುತ್ತೆ, ಅದಕ್ಕೇ ಅಲ್ಲಿನ ಪ್ರೆಶರ್ ಸಕ್ಷನ್ ಮಾರ್ಜಿನ್‌ಗೆ ಏನೂ ಸೇರಿಸಲ್ಲ, ಎತ್ತರ ಒಂದೇ ಗತಿ. ನಮ್ದು ನೀರಿನ ಮಟ್ಟದಿಂದ ಪಂಪ್ ಸೆಂಟರ್‌ಗೆ 20 ಮೀಟರ್, ಪೈಪ್ ಮತ್ತೆ ಸ್ಟ್ರೈನರ್ ಲಾಸ್ 1.5, ಉಳಿದಿದ್ದು 18.5. ಪಂಪ್ ಕೇಳ್ತಿದ್ದ ಎನ್‌ಪಿಎಸ್‌ಎಚ್, ಅಂದ್ರೆ ನೀರು ಒಳಗೆ ಕುದಿಯದಂಗೆ ಸಕ್ಷನ್‌ನಲ್ಲಿ ಇರಲೇಬೇಕಾದ ಮಾರ್ಜಿನ್, 9 ಮೀಟರ್. ಪೇಪರ್ ಮೇಲೆ ಧಾರಾಳ.

ಆದ್ರೆ ಟ್ರಿಪ್ ಆದಾಗ ಟರ್ಬೈನ್‌ನಿಂದ ಡಿಯೇರೇಟರ್‌ಗೆ ಬರೋ ಎಕ್ಸ್‌ಟ್ರಾಕ್ಷನ್ ಸ್ಟೀಮ್ ನಿಂತು, ಮೇಲಿಂದ ತಣ್ಣಗಿರೋ ಕಂಡೆನ್ಸೇಟ್ ಬೀಳ್ತಾನೇ ಇದ್ದಿದ್ರಿಂದ ಡಿಯೇರೇಟರ್ 7 ಬಾರ್ ಅಬ್ಸಲ್ಯೂಟ್‌ನಿಂದ ಒಂದೇ ನಿಮಿಷದಲ್ಲಿ 5.5ಕ್ಕೆ ಇಳಿದಿತ್ತು. ಟ್ಯಾಂಕ್ ನೀರು ಫ್ಲಾಶ್ ಆಗಿ ತಣ್ಣಗಾಗುತ್ತೆ, ಸಕ್ಷನ್ ಪೈಪಲ್ಲಿ ನಿಂತ ನೀರು ಮಾತ್ರ ಇನ್ನೂ ಹಳೇ 165 ಡಿಗ್ರಿ. ಈ ಬಿಸಿಯಲ್ಲಿ 1.5 ಬಾರ್ ಅಂದ್ರೆ ಹತ್ರಹತ್ರ 17 ಮೀಟರ್ ನೀರು, ಫ್ಲೋ ಇಳಿದು ಪೈಪ್ ಲಾಸ್ ಲೆಕ್ಕಕ್ಕಿಲ್ಲ ಅಂದ್ಕೊಂಡ್ರೂ 20ರಲ್ಲಿ ಅದು ಹೋದ್ರೆ ಉಳಿಯೋದು 3. ಫ್ಲೋ ಇಳಿದಾಗ ಪಂಪ್ ಕೇಳೋದೂ ಸ್ವಲ್ಪ ಇಳಿಯುತ್ತೆ, ಆದ್ರೂ 3 ಮೀಟರ್ ಸಾಲಲ್ಲ.

ಪೈಪಲ್ಲಿ ಸುಮಾರು 1.2 ಘನ ಮೀಟರ್ ನೀರಿತ್ತು. ಗಂಟೆಗೆ 120 ಘನ ಮೀಟರ್ ಓಡ್ತಿದ್ರೆ ಅದು 36 ಸೆಕೆಂಡಲ್ಲಿ ಖಾಲಿ, ಆದ್ರೆ ಟ್ರಿಪ್ ನಂತರ ಫ್ಲೋ 40ಕ್ಕೆ ಬಿದ್ದಿದ್ರಿಂದ ಆ ಬಿಸಿ ನೀರು ಹೊರಗೆ ಹೋಗೋಕೆ 108 ಸೆಕೆಂಡ್ ಬೇಕಿತ್ತು. ಲೋಡ್ ಕಮ್ಮಿ ಆದ್ರೆ ಪಂಪ್‌ಗೆ ಆರಾಮ ಅಂತ ನಾನೂ ತುಂಬಾ ವರ್ಷ ನಂಬಿದ್ದೆ, ಇಲ್ಲಿ ಅದು ಪೂರ್ತಿ ಉಲ್ಟಾ.

ಡಿಯೇರೇಟರ್ ಎತ್ತರ ಏರಿಸೋಕಂತೂ ಆಗಲ್ಲ. ಡಿಯೇರೇಟರ್ ಪ್ರೆಶರ್ ಬೀಳದಂಗೆ ಬೇರೆ ಕಡೆಯಿಂದ ಕೊಡೋ ಪೆಗ್ಗಿಂಗ್ ಸ್ಟೀಮ್‌ನ ವಾಲ್ವ್ ಕೈಯಲ್ಲಿ ತೆಗೀತಿದ್ವಿ, ಈಗ ಪ್ರೆಶರ್ 0.3 ಬಾರ್ ಇಳಿದ ಕೂಡ್ಲೇ ತಾನೇ ತೆಗೆಯೋ ಥರ ಮಾಡಿದ್ವಿ, ಟ್ರಿಪ್ ಆದಾಗ ಕಂಡೆನ್ಸೇಟ್ ವಾಲ್ವ್ ಜಾಸ್ತಿ ತೆರೆಯದಂಗೆ ಲಿಮಿಟ್ ಹಾಕಿದ್ವಿ. ಮುಂದಿನ ಟ್ರಿಪ್‌ನಲ್ಲಿ ಪ್ರೆಶರ್ 2 ನಿಮಿಷ ಆದ್ರೂ 6.6ರ ಕೆಳಗೆ ಹೋಗ್ಲಿಲ್ಲ, ಪಂಪ್ ಸದ್ದೇ ಬದಲಾಗ್ಲಿಲ್ಲ. ಸಕ್ಷನ್ ಫ್ಲೇಂಜ್ ಪಕ್ಕ ಟೆಂಪರೇಚರ್ ಪಾಯಿಂಟ್ ಒಂದು ಹಾಕಿದೀವಿ, ಅಲ್ಲಿನ ಬಿಸಿಗೆ ನೀರು ಎಷ್ಟು ಪ್ರೆಶರಲ್ಲಿ ಕುದಿಯುತ್ತೆ ಅನ್ನೋದು ಮತ್ತೆ ಅಸಲಿ ಸಕ್ಷನ್ ಪ್ರೆಶರ್, ಎರಡೂ ಗೆರೆ ಒಂದೇ ಸ್ಕ್ರೀನ್ ಮೇಲೆ ಬರುತ್ತೆ, ಅವು ಹತ್ರ ಬಂದ್ರೆ ಆಪರೇಟರ್‌ಗೆ ಅಲಾರಂ ಹೋಗುತ್ತೆ.