ಜಾಹೀರಾತು ಬದಲಾಗಿರಲಿಲ್ಲ, ಆದರೂ ಲೀಡ್ ದರ ಎರಡೂವರೆ ಪಟ್ಟಾಯಿತು

ಹುಬ್ಬಳ್ಳಿಯ ಒಂದು ಮಾಡ್ಯುಲರ್ ಕಿಚನ್ ಸಂಸ್ಥೆಗೆ ನಾನು ಮೆಟಾ ಜಾಹೀರಾತುಗಳನ್ನು ನೋಡಿಕೊಳ್ಳುತ್ತೇನೆ. ದಿನದ ಬಜೆಟ್ 4,000 ರೂಪಾಯಿ. ಜಾಹೀರಾತು ಒತ್ತಿದವರು ಸಂಸ್ಥೆಯ ಜಾಲತಾಣಕ್ಕೆ ಬಂದು, ಹೆಸರು ಮತ್ತು ಮೊಬೈಲ್ ಸಂಖ್ಯೆ ತುಂಬಿ, ಒಟಿಪಿಯಿಂದ ದೃಢಪಡಿಸಿದ ಮೇಲಷ್ಟೇ ಅದು ಲೀಡ್ ಎಂದು ಎಣಿಕೆಯಾಗುತ್ತದೆ. ಹಲವು ವಾರಗಳಿಂದ ದಿನಕ್ಕೆ ಸುಮಾರು 22 ಲೀಡ್‌ಗಳು ಬರುತ್ತಿದ್ದವು, ಅಂದರೆ ಒಂದಕ್ಕೆ 182 ರೂಪಾಯಿ. ಒಂದು ಬುಧವಾರ 10, ಗುರುವಾರ 8, ಶುಕ್ರವಾರ 9 ಬಂದವು. ದರ ಸರಾಸರಿ 444 ರೂಪಾಯಿಗೆ ಏರಿತು. ಬಜೆಟ್, ಆಡಿಯನ್ಸ್, ಕ್ರಿಯೇಟಿವ್ ಯಾವುದನ್ನೂ ನಾನು ಮುಟ್ಟಿರಲಿಲ್ಲ, ಖಾತೆಯ ಬದಲಾವಣೆಗಳ ಪಟ್ಟಿಯಲ್ಲೂ ಬೇರೆ ಯಾರೂ ಮುಟ್ಟಿದ ಗುರುತಿರಲಿಲ್ಲ.

ಬುಧವಾರ ಸಂಜೆಯೇ ಮಾಲೀಕರು ಕರೆ ಮಾಡಿ, "ವಿಡಿಯೊ ಹಳೇದಾತು ಅನಸ್ತದ, ಹೊಸಾದು ಹಾಕ್ರಿ" ಎಂದರು. ನಾನು ಒಪ್ಪಲಿಲ್ಲ. ದಿನಕ್ಕೆ 22 ಬರುವ ಕಡೆ ಒಂದು ದಿನ 17 ಬಂದರೆ ಅದು ಸಹಜ ಏರಿಳಿತ, ಆದರೆ 10 ಬಂದರೆ ಏನೋ ಮುರಿದಿರುವ ಸಾಧ್ಯತೆಯೇ ಹೆಚ್ಚು. ಏನು ಮುರಿದಿದೆ ಎಂದು ತಿಳಿಯುವ ಮೊದಲೇ ವಿಡಿಯೊ ಬದಲಿಸಿದರೆ ಆಡ್ ಸೆಟ್ ಮತ್ತೆ ಕಲಿಕೆಯ ಹಂತಕ್ಕೆ ಹೋಗಿ ಇನ್ನೊಂದು ಏರುಪೇರು ಸೇರಿಕೊಳ್ಳುತ್ತದೆ, ಆಗ ಯಾವುದರಿಂದ ಏನಾಯಿತು ಎಂದು ಬೇರ್ಪಡಿಸಲು ಆಗುವುದಿಲ್ಲ. ಮೂರು ದಿನ ಕಾಯೋಣ ಎಂದೆ. ಈಗ ಯೋಚಿಸಿದರೆ ಅಷ್ಟು ಕಾಯುವ ಅಗತ್ಯವೂ ಇರಲಿಲ್ಲ.

ಎಣಿಕೆಯೇ ತಪ್ಪಿದೆಯೇ ಎಂಬುದನ್ನು ಮೊದಲು ನೋಡಬೇಕು. ಜಾಲತಾಣದಲ್ಲಿ ಆದ ಲೀಡ್‌ಗಳನ್ನು ಮೆಟಾಗೆ ತಿಳಿಸುವ ಪಿಕ್ಸೆಲ್ ಎಂಬ ಕೋಡ್ ಕೈಕೊಟ್ಟರೂ ಆಡ್ಸ್ ಮ್ಯಾನೇಜರ್‌ನಲ್ಲಿ ದರ ಏರಿದಂತೆಯೇ ಕಾಣುತ್ತದೆ. ಆದ್ದರಿಂದ ಮಾರಾಟ ವಿಭಾಗದವರ ಶೀಟ್ ತೆರೆದು, ಆ ಮೂರು ದಿನ ನಿಜವಾಗಿ ಬಂದ ಹೆಸರುಗಳನ್ನು ಎಣಿಸಿದೆ. ಅಲ್ಲಿಯೂ 27 ಇದ್ದವು. ಹಾಗಾಗಿ ಅಳತೆ ಸರಿಯಾಗಿತ್ತು, ಲೀಡ್‌ಗಳೇ ಕಡಿಮೆಯಾಗಿದ್ದವು.

ಆಮೇಲೆ ದರವನ್ನು ಅದರ ಭಾಗಗಳಾಗಿ ಒಡೆದೆ. ಲೀಡ್ ದರ ಎಂಬುದು ತಾನಾಗಿ ನಿಂತಿರುವ ಒಂದು ಸಂಖ್ಯೆಯಲ್ಲ, ನಾಲ್ಕು ಸಂಖ್ಯೆಗಳ ಫಲಿತಾಂಶ:

```
CPL = CPM / (1000 × CTR × LPV/clicks × leads/LPV)
```

ಸಾವಿರ ಬಾರಿ ತೋರಿಸಲು ತಗಲುವ ಹಣ, ನೋಡಿದವರಲ್ಲಿ ಒತ್ತಿದವರ ಪಾಲು, ಒತ್ತಿದವರಲ್ಲಿ ಪುಟ ತೆರೆದುಕೊಳ್ಳುವವರೆಗೆ ಉಳಿದವರ ಪಾಲು, ಪುಟ ನೋಡಿದವರಲ್ಲಿ ಲೀಡ್ ಆದವರ ಪಾಲು ಎಂಬ ಈ ನಾಲ್ಕನ್ನು ಹಿಂದಿನ ವಾರದ ಅದೇ ದಿನಗಳೊಂದಿಗೆ ಪಕ್ಕಪಕ್ಕದಲ್ಲಿಟ್ಟರೆ, ಯಾವುದು ಕದಲಿದೆ ಎಂಬುದು ಸಾಮಾನ್ಯವಾಗಿ ಕಣ್ಣಿಗೆ ಹೊಡೆಯುತ್ತದೆ. ಸಿಪಿಎಂ 150ರಿಂದ 158ಕ್ಕೆ ಹೋಗಿತ್ತು, ಅದು ಗಣನೆಗೆ ಬರುವಂಥದ್ದಲ್ಲ. ಒತ್ತುವವರ ಪ್ರಮಾಣ ಶೇ 1.2ರಲ್ಲೇ ಇತ್ತು. ವಿಡಿಯೊ ನಿಜವಾಗಿ ಹಳಸಿದ್ದರೆ ಇದೇ ಮೊದಲು ಇಳಿಯಬೇಕಿತ್ತು. ಒತ್ತಿದವರಲ್ಲಿ ಶೇ 78ರಷ್ಟು ಮಂದಿಗೆ ಪುಟ ತೆರೆದುಕೊಳ್ಳುತ್ತಿತ್ತು, ಹಿಂದೆಯೂ ಅಷ್ಟೇ. ಹಾಗಾಗಿ ಪುಟ ನಿಧಾನವಾಗಿದೆ ಎಂಬ ಅನುಮಾನವೂ ಹೋಯಿತು. ಕೊನೆಯದು ಮಾತ್ರ ಬಿದ್ದಿತ್ತು: ಹಿಂದೆ ದಿನಕ್ಕೆ ಪುಟ ನೋಡಿದ 250 ಜನರಲ್ಲಿ 22 ಮಂದಿ ಲೀಡ್ ಆಗುತ್ತಿದ್ದರು, ಈಗ 237ರಲ್ಲಿ 9 ಮಂದಿ.

ಸರಾಸರಿ ಕೆಲವೊಮ್ಮೆ ಮೋಸ ಮಾಡುತ್ತದೆ. ಹಣವೆಲ್ಲ, ಬೇರೆಯವರ ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ಆಡಿಯನ್ಸ್ ನೆಟ್‌ವರ್ಕ್‌ನಂಥ ಜಾಗಕ್ಕೆ ಜಾರಿದ್ದರೆ, ಅಲ್ಲಿನ ಅಗ್ಗದ, ಕೈತಪ್ಪಿ ಒತ್ತಿದ ಕ್ಲಿಕ್‌ಗಳಿಂದ ಮೇಲಿನ ಮೂರೂ ಸಂಖ್ಯೆಗಳು ಚೆನ್ನಾಗಿ ಕಂಡು ಕೊನೆಯದೊಂದೇ ಬೀಳಬಹುದು. ಆದ್ದರಿಂದ ಪ್ಲೇಸ್‌ಮೆಂಟ್‌ವಾರು ಬಿಡಿಸಿ ನೋಡಿದೆ. ಹಣ ಎಂದಿನಂತೆ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಫೀಡ್‌ಗಳಿಗೇ ಹೋಗಿತ್ತು, ಕುಸಿತ ಎರಡರಲ್ಲೂ ಒಂದೇ ಸಮನಾಗಿತ್ತು. ಎಲ್ಲ ಜಾಗಗಳಲ್ಲೂ ಒಟ್ಟಿಗೆ ಬಿದ್ದಿದ್ದರೆ ದೋಷವನ್ನು ಎಲ್ಲರೂ ಕೊನೆಗೆ ಹಾದುಹೋಗುವ ಬಾಗಿಲಿನಲ್ಲಿ ಹುಡುಕಬೇಕು. ಇಲ್ಲಿ ಆ ಬಾಗಿಲು ಫಾರ್ಮ್.

ಗೂಗಲ್ ಅನಲಿಟಿಕ್ಸ್‌ನಲ್ಲಿ `form_start` ಎಂಬ ಘಟನೆ ತಾನಾಗಿಯೇ ದಾಖಲಾಗುತ್ತಿತ್ತು. ಫಾರ್ಮ್ ತುಂಬಲು ಶುರುಮಾಡಿದವರು ಹಿಂದೆ ದಿನಕ್ಕೆ 40ರ ಆಸುಪಾಸು, ಈಗಲೂ 39. ಅಂದರೆ ಜನ ಬರುತ್ತಿದ್ದಾರೆ, ತುಂಬಲು ಆರಂಭಿಸುತ್ತಿದ್ದಾರೆ, ಆದರೆ ಮುಗಿಸುತ್ತಿಲ್ಲ. ಮಾರಾಟದ ಶೀಟ್‌ನಲ್ಲಿನ ಸಮಯಗಳನ್ನು ನೋಡಿದಾಗ ಮಂಗಳವಾರ ಸಂಜೆ 4 ಗಂಟೆಯವರೆಗೆ ಹೆಸರುಗಳು ಒತ್ತೊತ್ತಾಗಿದ್ದು, ಅಲ್ಲಿಂದ ಮುಂದೆ ವಿರಳವಾಗಿದ್ದವು. ಜಾಹೀರಾತು ಬೇಸರವಾಗಿ ಇಳಿಯುವುದಾದರೆ ದಿನಗಳ ಮೇಲೆ ನಿಧಾನವಾಗಿ ಇಳಿಯುತ್ತದೆ, ಹೀಗೆ ಗಂಟೆ ಹಿಡಿದು ಇಳಿಯುವುದಿಲ್ಲ.

ಶನಿವಾರ ಬೆಳಿಗ್ಗೆ, ಬುಧವಾರವೇ ಮಾಡಬೇಕಿದ್ದ ಕೆಲಸ ಮಾಡಿದೆ. ನನ್ನ ಫೋನಿನಲ್ಲಿ ಜಾಹೀರಾತಿನ ಪ್ರಿವ್ಯೂ ಕೊಂಡಿ ತೆರೆದು ನಾನೇ ಫಾರ್ಮ್ ತುಂಬಿದೆ. ಒಟಿಪಿ ಬರಲಿಲ್ಲ. ಇನ್ನೊಂದು ಸಿಮ್‌ನ ಸಂಖ್ಯೆ ಕೊಟ್ಟೆ, ಅದಕ್ಕೂ ಬರಲಿಲ್ಲ. ಒಂದು ನಿಮಿಷವಾದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ "ಕರೆಯ ಮೂಲಕ ಪಡೆಯಿರಿ" ಎಂಬ ಗುಂಡಿ ಕಾಣಿಸಿಕೊಂಡಿತು. ಅದನ್ನು ಒತ್ತಿದಾಗ ಕರೆ ಬಂದು ಆರು ಅಂಕಿಗಳನ್ನು ಹೇಳಿತು. ದಿನಕ್ಕೆ ಬರುತ್ತಿದ್ದ ಆ ಒಂಬತ್ತು ಜನ ಯಾರೆಂದು ಆಗ ಅರ್ಥವಾಯಿತು.

ಜಾಲತಾಣ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ಮಂಗಳವಾರ ಮಧ್ಯಾಹ್ನ ಅವನು ಒಳ್ಳೆಯ ಉದ್ದೇಶದಿಂದಲೇ ಒಂದು ಸುಧಾರಣೆ ಮಾಡಿದ್ದ. ಒಟಿಪಿಯನ್ನು ಬ್ರೌಸರ್ ತಾನೇ ಓದಿ ತುಂಬಿಕೊಳ್ಳಲಿ ಎಂದು ಎಸ್ಸೆಮ್ಮೆಸ್‌ನ ಕೊನೆಗೆ ಒಂದು ಸಾಲು ಸೇರಿಸಿದ್ದ:

```
@example.in #482913
```

ತಾಂತ್ರಿಕವಾಗಿ ಆ ಸಾಲು ಸರಿಯಾಗಿಯೇ ಇದೆ. ಆದರೆ ಭಾರತದಲ್ಲಿ ವ್ಯಾಪಾರ ಸಂಸ್ಥೆಗಳು ಕಳಿಸುವ ಎಸ್ಸೆಮ್ಮೆಸ್‌ನ ಕಳಿಸಿದವರ ಹೆಸರಾಗಿ ಕಾಣುವ ಹೆಡರ್ ಮತ್ತು ಒಕ್ಕಣೆ ಎರಡನ್ನೂ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯ ಪ್ರಕಾರ, ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ವೇದಿಕೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಬದಲಾಗುವ ಅಂಕಿಗೆಂದು ಬಿಟ್ಟ ಜಾಗವನ್ನು ಹೊರತುಪಡಿಸಿ ಉಳಿದ ಪಠ್ಯ ನೋಂದಾಯಿತ ಟೆಂಪ್ಲೇಟ್‌ಗೆ ಹೊಂದದಿದ್ದರೆ ಸಂದೇಶ ದಾರಿಯಲ್ಲೇ ತಡೆಯಲ್ಪಡುತ್ತದೆ. ಕಳಿಸುವ ಕೋಡ್‌ಗೆ ಸಂದೇಶ ಸ್ವೀಕೃತವಾಗಿದೆ ಎಂಬ ಉತ್ತರವೇ ಬರುತ್ತಿದ್ದುದರಿಂದ ಯಾವ ದೋಷವೂ ಕಾಣಿಸಿರಲಿಲ್ಲ. ಎಸ್ಸೆಮ್ಮೆಸ್ ಸೇವೆಯ ಡೆಲಿವರಿ ವರದಿಯನ್ನು ತೆರೆದಾಗ ಮಾತ್ರ, ಮಂಗಳವಾರ 4 ಗಂಟೆಯ ನಂತರದ ಸಾಲುಗಳಲ್ಲೆಲ್ಲ ಟೆಂಪ್ಲೇಟ್ ಹೊಂದಿಕೆಯಾಗಿಲ್ಲ ಎಂಬ ಕಾರಣ ಬರೆದಿತ್ತು. ಅವನು ಪರೀಕ್ಷಿಸಿಯೂ ಇದ್ದ, ಆದರೆ ಒಟಿಪಿ ಮೊದಲೇ ನಿಗದಿಯಾಗಿರುವ ಪರೀಕ್ಷಾ ಸಂಖ್ಯೆಯಿಂದ. ಅದಕ್ಕೆ ಎಸ್ಸೆಮ್ಮೆಸ್ ಹೋಗುವುದೇ ಇಲ್ಲ.

ಹಳೆಯ ಒಕ್ಕಣೆಯನ್ನು ಶನಿವಾರ ಮಧ್ಯಾಹ್ನ ಮರಳಿ ಹಾಕಿಸಿದೆವು, ಹೊಸದನ್ನು ನೋಂದಣಿಗೆ ಕಳಿಸಿದೆವು. ಭಾನುವಾರ 19, ಸೋಮವಾರ 21 ಲೀಡ್ ಬಂದವು. ಆಡ್ಸ್ ಮ್ಯಾನೇಜರ್‌ನಲ್ಲಿ ನಾನು ಒಂದು ಗುಂಡಿಯನ್ನೂ ಒತ್ತಿರಲಿಲ್ಲ.

ಈ ನಡುವೆ ಮಾರಾಟದವರೊಬ್ಬರು, "ಆ ವಾರ ಬಂದ ಮಂದಿ ಗಟ್ಟಿ ಇದ್ರು ಸರ್, ಹಂಗೇ ಬಿಡ್ಬೇಕಿತ್ತು" ಎಂದರು. ಅವರ ಮಾತಿನಲ್ಲಿ ಸ್ವಲ್ಪ ಹುರುಳಿತ್ತು: ಸಾಮಾನ್ಯವಾಗಿ ಮೂರು ದಿನದ 66 ಲೀಡ್‌ಗಳಲ್ಲಿ 6 ಮಂದಿ ಶೋರೂಮಿಗೆ ಬರುತ್ತಿದ್ದರು, ಆ 27ರಲ್ಲಿ 4 ಮಂದಿ ಬಂದಿದ್ದರು. ಕರೆಗಾಗಿ ಕಾಯುವಷ್ಟು ತಾಳ್ಮೆ ಇದ್ದವರಿಗೆ ಅಡುಗೆಮನೆ ಮಾಡಿಸುವ ಇರಾದೆಯೂ ಇತ್ತು. ಆದರೂ ಶೋರೂಮಿಗೆ ಬಂದ ಒಬ್ಬರಿಗೆ ತಗುಲಿದ ವೆಚ್ಚ 2,000ದಿಂದ 3,000 ರೂಪಾಯಿಗೆ ಏರಿತ್ತು ಎಂದು ಲೆಕ್ಕ ತೋರಿಸಿದೆ. ಇಷ್ಟು ಸಣ್ಣ ಸಂಖ್ಯೆಯಿಂದ ಅದಕ್ಕಿಂತ ಹೆಚ್ಚಿನದನ್ನು ಹೇಳುವುದು ಸಾಧ್ಯವಿರಲಿಲ್ಲ.

ಈಗ ಫಾರ್ಮ್‌ನಲ್ಲಿ `otp_sent` ಮತ್ತು `otp_verified` ಎಂಬ ಎರಡು ಘಟನೆಗಳನ್ನು ಪ್ರತ್ಯೇಕವಾಗಿ ದಾಖಲಿಸುತ್ತೇವೆ. ಜಾಲತಾಣದಲ್ಲಿ ಏನೇ ಬದಲಾದರೂ ಆ ಹುಡುಗ ತನ್ನ ತಾಯಿಯ ಮೊಬೈಲ್ ಸಂಖ್ಯೆ ಹಾಕಿ ಒಮ್ಮೆ ಫಾರ್ಮ್ ತುಂಬುತ್ತಾನೆ.